ಹಿಮ್ಮಡಿ ನೆಲಕ್ಕೆ ತಾಗಲೇಬೇಕೇ? ಪೋಲಿಯೋ ಕಾಲಿನ ದರ್ಜಿಯೊಬ್ಬರ ಬಗ್ಗೆ ಚರ್ಚೆ

ಪಿ.ಜಿ. ಎರಡನೇ ವರ್ಷ

ನಮ್ಮ ಹೊರರೋಗಿ ವಿಭಾಗಕ್ಕೆ 36 ವರ್ಷದ ದರ್ಜಿಯೊಬ್ಬರು ಬಂದಿದ್ದಾರೆ. ಒಂದೂವರೆ ವರ್ಷದವರಿದ್ದಾಗ ಬಲಗಾಲಿಗೆ ಪೋಲಿಯೋ ಆಗಿದೆ. ಪ್ರತಿ ಹೆಜ್ಜೆಗೂ ಬಲಗೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತಿಕೊಂಡು ನಡೆಯುತ್ತಾರೆ. ಸ್ನಾಯುಬಲ ಐದರಲ್ಲಿ ಹೀಗಿದೆ: ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಗ್ರೇಡ್ 1, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ 4, ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್ 3, ಮೀನಖಂಡ 3, ಪಾದ ಮೇಲೆತ್ತುವ ಟಿಬಿಯಾಲಿಸ್ ಆಂಟೀರಿಯರ್ ಸೊನ್ನೆ. ಮಂಡಿ 25 ಡಿಗ್ರಿಗಿಂತ ನೆಟ್ಟಗಾಗುವುದಿಲ್ಲ, ಅಲ್ಲಿಂದ 130ರವರೆಗೆ ಮಡಿಚುತ್ತದೆ. ಪಾದ ತುದಿಗಾಲಿನಂತೆ ಕೆಳಕ್ಕೆ ಬಾಗಿ, 20 ಡಿಗ್ರಿ ಈಕ್ವೈನಸ್‌ನಲ್ಲಿ ಗಟ್ಟಿಯಾಗಿ ನಿಂತಿದೆ. ಕಾಲು 3 ಸೆಂ.ಮೀ. ಗಿಡ್ಡ. ಹಿಮ್ಮಡಿ ನೆಲಕ್ಕೆ ತಾಗಬೇಕು, ಚಪ್ಪಲಿ ಹಾಕಬೇಕು ಎಂಬುದು ಅವರ ಆಸೆ. ಮೊದಲು ಹಿಮ್ಮಡಿಯ ಟೆಂಡನ್ ಉದ್ದ ಮಾಡಿ, ಆಮೇಲೆ ಹ್ಯಾಮ್‌ಸ್ಟ್ರಿಂಗ್ ಅನ್ನು ಮಂಡಿಚಿಪ್ಪಿಗೆ ಸಾಗಿಸೋಣ ಎಂದುಕೊಂಡಿದ್ದೇನೆ. ಸರಿಯೇ?

ಜಿಲ್ಲಾಸ್ಪತ್ರೆ ರಿಜಿಸ್ಟ್ರಾರ್

ಎರಡನೇ ಭಾಗ ಸರಿ ಎನಿಸುತ್ತದೆ. ಹ್ಯಾಮ್‌ಸ್ಟ್ರಿಂಗ್ ಗ್ರೇಡ್ 4 ಇರುವಾಗ ಅದನ್ನು ಬಿಟ್ಟುಕೊಡಬಾರದು. ಬೈಸೆಪ್ಸ್ ಫೆಮೋರಿಸ್ ಹೊರಗಡೆಯಿಂದ, ಸೆಮಿಟೆಂಡಿನೋಸಸ್ ಒಳಗಡೆಯಿಂದ, ಎರಡನ್ನೂ ಚಿಪ್ಪಿಗೆ ಕಟ್ಟಿದರೆ ಚಿಪ್ಪು ಹೊರಕ್ಕೆ ಜಾರುವುದಿಲ್ಲ. ಮಂಡಿಯನ್ನು ಚಾಚುವ ಬಲ ಸಿಗುತ್ತದೆ, ಕೈ ತೊಡೆಯಿಂದ ಮೇಲೇಳುತ್ತದೆ. ಸಾಗಿಸಿದ ಸ್ನಾಯು ಒಂದು ಗ್ರೇಡ್ ಕಳೆದುಕೊಳ್ಳುವುದು ನಿಜ, ಆದರೂ 3 ಉಳಿಯುತ್ತದೆ. ನಿಲ್ಲಲು ಅಷ್ಟು ಸಾಕು.

ಹಳೆಯ ಮೂಳೆವೈದ್ಯ

ಎರಡು ಟೆಂಡನ್‌ಗಳನ್ನೂ ಕಟ್ಟಬೇಕು ಎಂದದ್ದು ಸರಿ. ಆದರೆ ಆ ಶಸ್ತ್ರಚಿಕಿತ್ಸೆ ಈ ರೋಗಿಗೆ ಹೊಂದುವುದಿಲ್ಲ. ಸಾಗಿಸಿದ ಸ್ನಾಯು ಗಟ್ಟಿಯಾಗಿ ಬಿಗಿದ ಕೀಲನ್ನು ಬಿಡಿಸಲಾರದು. ಮಂಡಿ ಮೊದಲು ನೆಟ್ಟಗಾಗಬೇಕು, ಟೆಂಡನ್ ಆಮೇಲಿನ ಮಾತು. ನೆಟ್ಟಗಾದ ಮೇಲೂ ಗ್ಲೂಟಿಯಸ್ ಮತ್ತು ಮೀನಖಂಡ ಚೆನ್ನಾಗಿರಬೇಕು. ಹ್ಯಾಮ್‌ಸ್ಟ್ರಿಂಗ್ ಮುಂದಕ್ಕೆ ಹೋದ ಮೇಲೆ ಮಂಡಿ ಹಿಂದಕ್ಕೆ ಬಾಗದಂತೆ ತಡೆಯಲು ಮೀನಖಂಡವೊಂದೇ ಉಳಿಯುತ್ತದೆ, ಇವರಲ್ಲಿ ಅದು ಬರೀ 3. ಮೊದಲ ಯೋಜನೆಯಂತೆ ಹಿಮ್ಮಡಿಯ ಟೆಂಡನ್ನನ್ನೂ ಉದ್ದ ಮಾಡಿಬಿಟ್ಟರೆ ಆ 3 ಕೂಡ ಇರುವುದಿಲ್ಲ. ಆಗ ಒಂದೋ ಮಂಡಿ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಬಾಗುತ್ತಾ ಹೋಗುತ್ತದೆ, ಇಲ್ಲವೇ ಮುಂದಕ್ಕೆ ಕುಸಿಯುತ್ತದೆ.

ಈಗ ಹಿಮ್ಮಡಿಯ ವಿಷಯ. ಕ್ವಾಡ್ರಿಸೆಪ್ಸ್ ಸತ್ತ ಕಾಲಿನಲ್ಲಿ ಸ್ವಲ್ಪ ಈಕ್ವೈನಸ್ ಇರುವುದು ಆ ಕಾಲಿನ ಆಧಾರ. ಮುಂಗಾಲು ನೆಲಕ್ಕೆ ತಾಗಿದಾಗ ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಬಾಗಲಾರದು. ನೆಲವೇ ಮಂಡಿಯನ್ನು ಹಿಂದಕ್ಕೆ ನೂಕುತ್ತದೆ, ಮೈಭಾರದ ಗೆರೆ ಮಂಡಿಯ ಮುಂದೆ ಬೀಳುತ್ತದೆ, ಸ್ನಾಯು ಇಲ್ಲದೆಯೂ ಮಂಡಿ ಬೀಗ ಹಾಕಿದಂತೆ ನಿಲ್ಲುತ್ತದೆ. ಇವರಿಗೆ ಇದರ ಲಾಭ ಸಿಗುತ್ತಿಲ್ಲ, ಏಕೆಂದರೆ 25 ಡಿಗ್ರಿ ಮಡಿಚಿದ ಮಂಡಿಯಲ್ಲಿ ಭಾರದ ಗೆರೆ ಮಂಡಿಯ ಹಿಂದೆಯೇ ಉಳಿಯುತ್ತದೆ. ಆ ಕೊರತೆಯನ್ನು ಅವರ ಬಲಗೈ ತುಂಬುತ್ತಿದೆ.

ಪೋಲಿಯೋ ಕಾಲಿನವನು

ನಾನು ವೈದ್ಯನಲ್ಲ, ಆದರೆ ಇದನ್ನು ಓದಿ ಸುಮ್ಮನಿರಲಾಗಲಿಲ್ಲ. ನನಗೀಗ 48. ಹನ್ನೊಂದನೇ ವಯಸ್ಸಿನಲ್ಲಿ ಒಂದು ಶಿಬಿರದಲ್ಲಿ ನನ್ನ ಎಡಗಾಲಿನ ಹಿಮ್ಮಡಿಯ ಟೆಂಡನ್ನನ್ನು ಕತ್ತರಿಸಿ ಉದ್ದ ಮಾಡಿದರು. ಅದಕ್ಕೂ ಮೊದಲು ನಾನು ತುದಿಗಾಲಿನಲ್ಲಿ, ಕೈ ಒತ್ತದೆ, ಕೋಲಿಲ್ಲದೆ ಶಾಲೆಗೆ ನಡೆದು ಹೋಗುತ್ತಿದ್ದೆ. ಪ್ಲಾಸ್ಟರ್ ಬಿಚ್ಚಿದ ದಿನ ಹಿಮ್ಮಡಿ ನೆಲಕ್ಕೆ ತಾಗಿತು, ಅಪ್ಪ ಸಂತೋಷಪಟ್ಟರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮಂಡಿ ಮುಂದಕ್ಕೆ ಮಡಿಚಿ ಬಿದ್ದೆ. ಆಮೇಲೆ ತೊಡೆಯಿಂದ ಪಾದದವರೆಗಿನ ಕ್ಯಾಲಿಪರ್ ಬಂತು, ಇಂದಿಗೂ ಅದರಲ್ಲೇ ಇದ್ದೇನೆ. ದಯವಿಟ್ಟು ಅವರ ಹಿಮ್ಮಡಿಯನ್ನು ಮುಟ್ಟುವ ಮೊದಲು ಇದನ್ನು ಅವರಿಗೆ ಹೇಳಿ.

ಫಿಸಿಯೋ, ಹುಬ್ಬಳ್ಳಿ

ಕ್ವಾಡ್ರಿಸೆಪ್ಸ್ ಬಲಪಡಿಸುವ ವ್ಯಾಯಾಮವನ್ನು ಆರು ತಿಂಗಳು ಕೊಟ್ಟು ನೋಡಬಹುದಲ್ಲವೇ? ನೇರವಾಗಿ ಶಸ್ತ್ರಚಿಕಿತ್ಸೆಯ ಮಾತು ಏಕೆ?

ಹಳೆಯ ಮೂಳೆವೈದ್ಯ

ಮೇಡಂ, ಆ ಸ್ನಾಯುವಿಗೆ ಆಜ್ಞೆ ಕೊಡುವ ಬೆನ್ನುಹುರಿಯ ಕೋಶಗಳೇ 34 ವರ್ಷಗಳ ಹಿಂದೆ ಸತ್ತಿವೆ. ಗ್ರೇಡ್ 1 ವ್ಯಾಯಾಮದಿಂದ 3 ಆಗುವುದಿಲ್ಲ. ನೀವು ಹೇಳದ ಇನ್ನೊಂದು ಅಪಾಯವೂ ಇದೆ. ಬದುಕಿರುವ ಸ್ನಾಯುಗಳು ಉಳಿದ ಕೆಲವೇ ನರಕೋಶಗಳ ಮೇಲೆ ನಡೆಯುತ್ತಿವೆ, ಅವುಗಳನ್ನು ದಣಿಯುವವರೆಗೆ ದುಡಿಸಿದರೆ ಇರುವ ಬಲವೂ ಇಳಿಯಬಹುದು. ಆದ್ದರಿಂದ ಒಂದು ಪ್ರಶ್ನೆ ಮುಖ್ಯ: ಕಳೆದ ಕೆಲವು ವರ್ಷಗಳಲ್ಲಿ ಹೊಸದಾಗಿ ನಿಶ್ಶಕ್ತಿ ಅಥವಾ ಸುಸ್ತು ಬಂದಿದೆಯೇ? ಬಂದಿದ್ದರೆ ಇಂದು ಅಳೆದ 4 ಹತ್ತು ವರ್ಷದ ನಂತರವೂ 4 ಆಗಿಯೇ ಇರುತ್ತದೆ ಎಂದು ಲೆಕ್ಕ ಹಾಕಬೇಡಿ.

ಪಿ.ಜಿ.ಯವರಿಗೆ ಒಂದು ಕೆಲಸ. ಈ ಮಂಡಿ ಮಡಿಚಿದ್ದು ಏಕೆ ಎಂದು ಹುಡುಕಿ. ಸೊಂಟದ ಕೀಲಿನ ಮಡಿಕೆ ಅಳೆಯುವ ಥಾಮಸ್ ಪರೀಕ್ಷೆ ಮಾಡುವಾಗ ತೊಡೆಯನ್ನು ಮೊದಲು ನೇರವಾಗಿಟ್ಟು ಅಳೆಯಿರಿ, ಆಮೇಲೆ ಹೊರಕ್ಕೆ ಚಾಚಿ ಅಳೆಯಿರಿ.

ಕ್ಯಾಲಿಪರ್ ಕಟ್ಟುವವನು

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. 25 ಡಿಗ್ರಿ ಮಡಿಚಿದ ಮಂಡಿಗೆ ನೇರ ಕ್ಯಾಲಿಪರ್ ಕೂರುವುದಿಲ್ಲ. ಕೂರಿಸಲೇಬೇಕೆಂದು ಮಂಡಿಯ ಪಟ್ಟಿಯನ್ನು ಬಿಗಿದರೆ ಚಿಪ್ಪಿನ ಮೇಲೆ ಮೂರೇ ದಿನದಲ್ಲಿ ಹುಣ್ಣಾಗುತ್ತದೆ. ಮಡಿಚಿದ ಕೋನಕ್ಕೇ ಸರಳು ಬಾಗಿಸಿ, ಉಂಗುರ ಜಾರಿ ಮಂಡಿಗೆ ಬೀಗ ಹಾಕುವ ಡ್ರಾಪ್ ಲಾಕ್ ಹಾಕಿ ಕೊಡಬಹುದು. ಆದರೆ ಕಾಲು ಇನ್ನೂ ಗಿಡ್ಡವಾಗಿಯೇ ಇರುತ್ತದೆ, ಬೂಟಿನ ಅಡಿ ದಪ್ಪವಾಗಬೇಕು, ಕಬ್ಬಿಣದ ಭಾರವೂ ಸೇರುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂರುವವರು ದಿನಕ್ಕೆ ಎಷ್ಟು ಸಲ ಆ ಉಂಗುರವನ್ನು ಎತ್ತಬೇಕು, ಇಳಿಸಬೇಕು! ಮನೆಗೆ ಹೋಗಿ ಗೂಟಕ್ಕೆ ನೇತು ಹಾಕುತ್ತಾರೆ. ಹಾಗೆ ನೇತು ಬಿದ್ದ ನನ್ನ ಕೈಕೆಲಸವನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮಂಡಿ ನೆಟ್ಟಗಾದರೆ ಬೇರೆ ದಾರಿ ಇದೆ. ಮಂಡಿಯ ಕೆಳಗೆ ಮುಗಿಯುವ ಪ್ಲಾಸ್ಟಿಕ್‌ನ ಫ್ಲೋರ್ ರಿಯಾಕ್ಷನ್ ಆರ್ಥೋಸಿಸ್ ಮಾಡಿಕೊಡುತ್ತೇನೆ. ಮುಂಭಾಗದ ಹಲಗೆ ಮಂಡಿಯ ಕೆಳಗಿನ ಮೂಳೆಗೆ ಒತ್ತುತ್ತದೆ, ಹಿರಿಯರು ಹೇಳಿದ ಈಕ್ವೈನಸ್‌ನ ಕೆಲಸವನ್ನೇ ಅದು ಮಾಡುತ್ತದೆ. ಆದರೆ ಮಂಡಿಯ ಮಡಿಕೆ ಹತ್ತು ಡಿಗ್ರಿಗಿಂತ ಹೆಚ್ಚಿದ್ದರೆ ನಾನು ಅಳತೆಯನ್ನೇ ತೆಗೆದುಕೊಳ್ಳುವುದಿಲ್ಲ. ಅದು ಕೆಲಸ ಮಾಡದು.

ಪಿ.ಜಿ. ಎರಡನೇ ವರ್ಷ

ಮತ್ತೆ ಪರೀಕ್ಷೆ ಮಾಡಿದೆ, ಸರ್. ತೊಡೆ ನೇರವಾಗಿದ್ದಾಗ ಸೊಂಟದ ಕೀಲು 25 ಡಿಗ್ರಿ ಮಡಿಚಿರುತ್ತದೆ. ಹೊರಕ್ಕೆ ಚಾಚಿದರೆ 5ಕ್ಕೆ ಇಳಿಯುತ್ತದೆ. ತೊಡೆಯ ಹೊರಬದಿಯಲ್ಲಿ ಹಗ್ಗದಂತೆ ಬಿಗಿ ಕೈಗೆ ಸಿಗುತ್ತದೆ. ಪಕ್ಕದಿಂದ ತೆಗೆದ ಮಂಡಿಯ ಎಕ್ಸ್‌ರೇಯಲ್ಲಿ ಮಂಡಿಯ ಕೆಳಗಿನ ಮೂಳೆಯಾದ ಟಿಬಿಯಾ ಸ್ವಲ್ಪ ಹಿಂದಕ್ಕೆ ಸರಿದಂತಿದೆ. ಹೊಸ ನಿಶ್ಶಕ್ತಿ ಇಲ್ಲ ಎನ್ನುತ್ತಾರೆ.

ಹಳೆಯ ಮೂಳೆವೈದ್ಯ

ಹಾಗಾದರೆ ತೊಡೆಯ ಹೊರಬದಿಯ ಪಟ್ಟಿಯಾದ ಇಲಿಯೋಟಿಬಿಯಲ್ ಬ್ಯಾಂಡ್ ಇಡೀ ಕಾಲನ್ನು ಎಳೆದು ಕೂರಿಸಿದೆ. ಅದು ಸೊಂಟದ ಕೀಲನ್ನು ಮಡಿಚಿ ಹೊರಕ್ಕೆ ತಿರುಗಿಸುತ್ತದೆ, ಮಂಡಿಯನ್ನೂ ಮಡಿಚಿ ಟಿಬಿಯಾವನ್ನು ಹಿಂದಕ್ಕೂ ಹೊರಕ್ಕೂ ಸರಿಸುತ್ತದೆ. ಬರೀ ಮಂಡಿಯನ್ನು ನೆಟ್ಟಗೆ ಮಾಡಿ ಸೊಂಟವನ್ನು ಹಾಗೇ ಬಿಟ್ಟರೆ ರೋಗಿ ನಿಂತಾಗ ಮುಂದಕ್ಕೆ ಬಾಗಬೇಕಾಗುತ್ತದೆ, ಇಲ್ಲವೇ ಬೆನ್ನನ್ನು ಡೊಂಕು ಮಾಡಬೇಕಾಗುತ್ತದೆ. ಆದ್ದರಿಂದ ಬ್ಯಾಂಡ್‌ನ ಬಿಡುಗಡೆ ಮೊದಲು, ಸೊಂಟದ ಬಳಿ ಹಾಗೂ ಮಂಡಿಯ ಮೇಲೆ. ಆಮೇಲೂ ಉಳಿಯುವ ಮಂಡಿಯ ಮಡಿಕೆಗೆ ತೊಡೆಮೂಳೆಯನ್ನು ಮಂಡಿಯ ಮೇಲೆ ಕತ್ತರಿಸಿ ನೆಟ್ಟಗೆ ಮಾಡುವ ಸುಪ್ರಾಕಾಂಡೈಲರ್ ಎಕ್ಸ್‌ಟೆನ್ಷನ್ ಆಸ್ಟಿಯಾಟಮಿ.

ಲೆಕ್ಕ ಹೀಗೆ. ಪೋಲಿಯೋ ತೊಡೆಮೂಳೆ ತೆಳು. ಕತ್ತರಿಸುವ ಜಾಗದಲ್ಲಿ ಮುಂದಿನಿಂದ ಹಿಂದಕ್ಕೆ 3 ಸೆಂ.ಮೀ. ಎಂದಿಟ್ಟುಕೊಳ್ಳಿ. ಪೂರ್ತಿ 25 ಡಿಗ್ರಿ ತಿದ್ದಬೇಕಾದರೆ ಮುಂಭಾಗದಲ್ಲಿ ಸುಮಾರು 1.4 ಸೆಂ.ಮೀ. ಎತ್ತರದ ಬೆಣೆ ತೆಗೆಯಬೇಕು. ಮುಂಭಾಗದಿಂದಲೇ ತೆಗೆಯುವುದರಿಂದ ಹಿಂದಿನ ನರ ಮತ್ತು ರಕ್ತನಾಳಗಳ ಎಳೆತ ಕಡಿಮೆಯಾಗುತ್ತದೆ. ಬೆಣೆಯಿಂದ ಕಾಲು ಸ್ವಲ್ಪ ಕುಗ್ಗಿದರೂ, ಮಂಡಿ ನೆಟ್ಟಗಾಗುವುದರಿಂದ ನಿಂತಾಗ ಸಿಗುವ ಉದ್ದ ಅದಕ್ಕಿಂತ ಹೆಚ್ಚು.

ಆಪರೇಷನ್ ಆದ ರಾತ್ರಿಯ ಬಗ್ಗೆ ಎಚ್ಚರ ಹೇಳುತ್ತೇನೆ. ಮಂಡಿಯನ್ನು ನೆಟ್ಟಗೆ ಮಾಡಿದಾಗ ಪೆರೋನಿಯಲ್ ನರ ಎಳೆದು ಸೋಲಬಹುದು. ಬೇರೆ ರೋಗಿಗಳಲ್ಲಿ ‘ಪಾದ ಮೇಲೆತ್ತಿ’ ಎಂದು ಕೇಳಿ ನೋಡುತ್ತೀರಿ. ಇವರ ಪಾದ ಮೊದಲೇ ಏಳುವುದಿಲ್ಲ. ಅದೃಷ್ಟವಶಾತ್ ಪೋಲಿಯೋ ಸ್ಪರ್ಶವನ್ನು ಮುಟ್ಟುವುದಿಲ್ಲ. ಹೆಬ್ಬೆರಳು ಮತ್ತು ಎರಡನೇ ಬೆರಳ ನಡುವಿನ ಚರ್ಮದ ಸ್ಪರ್ಶವನ್ನು ಆಪರೇಷನ್‌ಗೆ ಮೊದಲೇ ಬರೆದಿಡಿ, ರಾತ್ರಿ ಗಂಟೆಗಂಟೆಗೆ ಮುಟ್ಟಿ ನೋಡಿ. ಅಲ್ಲಿ ಜೋಮು ಬಂದರೆ ಬೆಳಗಿನ ರೌಂಡ್ಸ್‌ಗೆ ಕಾಯದೆ ಪ್ಲಾಸ್ಟರ್ ಸೀಳಿ, ಮಂಡಿಯನ್ನು ಸ್ವಲ್ಪ ಮಡಿಚಿ.

ಜಿಲ್ಲಾಸ್ಪತ್ರೆ ರಿಜಿಸ್ಟ್ರಾರ್

ಒಪ್ಪುತ್ತೇನೆ, ಟೆಂಡನ್ ಸಾಗಿಸುವ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಒಂದು ಸಂದೇಹ. ಆಸ್ಟಿಯಾಟಮಿ ಕಾಲಿನ ಗೆರೆಯನ್ನು ತಿದ್ದುತ್ತದೆ, ಹಿಂದಕ್ಕೆ ಸರಿದ ಟಿಬಿಯಾವನ್ನಲ್ಲ. ಹೊರಗಿನ ಚೌಕಟ್ಟು ಹಾಕಿ ವಾರಗಟ್ಟಲೆ ನಿಧಾನವಾಗಿ ಎಳೆದರೆ ಕೀಲನ್ನೇ ತಿದ್ದಬಹುದು. ಮೂಳೆ ಮೆದುವಾಗಿರುವುದರಿಂದ ತಂತಿಗಳು ಸಡಿಲವಾಗುವ ಭಯವಿದೆ, ಅದನ್ನೂ ಬಲ್ಲೆ.

ಹಳೆಯ ಮೂಳೆವೈದ್ಯ

ಈ ಪ್ರಶ್ನೆಯಲ್ಲಿ ನನ್ನ ಸಹೋದ್ಯೋಗಿಗಳೇ ಎರಡು ಪಂಗಡ. ಸರಿದದ್ದು ಅಲ್ಪವಾದರೆ ನಾನು ಆಸ್ಟಿಯಾಟಮಿಯ ಕಡೆ, ಬಹಳವಾದರೆ ನಿಮ್ಮ ಕಡೆ. ಎಕ್ಸ್‌ರೇ ನೋಡದೆ ಹೆಚ್ಚು ಹೇಳಲಾರೆ. ಭಾರತದಲ್ಲಿ ವೈಲ್ಡ್ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ದಾಖಲಾಯಿತು. ಈಗ ನಮ್ಮ ಬಳಿ ಬರುವ ಹಳೆಯ ಪೋಲಿಯೋ ಕಾಲುಗಳು ಬಹುಪಾಲು ವಯಸ್ಕರವು. ಮಕ್ಕಳಿಗಾಗಿ ಬರೆದಿಟ್ಟ ಕ್ರಮವನ್ನು ಹಾಗೇ ಇವರಿಗೆ ಹೊಂದಿಸಬೇಡಿ.

ಪೋಲಿಯೋ ಕಾಲಿನವನು

ಒಂದು ಮಾತು ಕೇಳಬೇಕು. ಮಂಡಿ ನೆಟ್ಟಗಾದ ಮೇಲೆ ಅವರು ನೆಲದ ಮೇಲೆ ಕೂರಬಹುದೇ? ನನ್ನ ಕ್ಯಾಲಿಪರ್ ಬಿಚ್ಚಿದರೆ ನಾನು ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುತ್ತೇನೆ. ಅದೊಂದನ್ನು ಬಿಟ್ಟುಕೊಡಲಾರೆ.

ಹಳೆಯ ಮೂಳೆವೈದ್ಯ

ಬಹಳ ಸರಿಯಾದ ಪ್ರಶ್ನೆ ಕೇಳಿದಿರಿ. ಮೂಳೆ ಕತ್ತರಿಸಿ ತಿದ್ದಿದರೆ ಮಂಡಿ ಚಲಿಸುವ ಒಟ್ಟು ಪ್ರಮಾಣ ಹೆಚ್ಚುವುದಿಲ್ಲ, ಜಾಗ ಮಾತ್ರ ಬದಲಾಗುತ್ತದೆ. ಈಗ 25ರಿಂದ 130, ಆಮೇಲೆ ಸೊನ್ನೆಯಿಂದ 105. ಹೊಲಿಗೆ ಯಂತ್ರದ ಮುಂದೆ ಕೂರಲು 105 ಸಾಕು. ಕುಕ್ಕರುಗಾಲಿನಲ್ಲಿ ಕೂರಲು ಸಾಲದು. ಇದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಹೇಳಬೇಕು.

ಪಿ.ಜಿ. ಎರಡನೇ ವರ್ಷ

ಇಂದು ಅವರೊಂದಿಗೆ ಅರ್ಧ ಗಂಟೆ ಕೂತು ಮಾತನಾಡಿದೆ. ಮಂಡಿ ನೆಟ್ಟಗಾದರೆ ಕೈ ಬಿಡುವಾಗಬಹುದು, ಆದರೆ ಹಿಮ್ಮಡಿ ಸ್ವಲ್ಪ ಮೇಲೆಯೇ ಇರುತ್ತದೆ ಎಂದಾಗ ಮುಖ ಸಪ್ಪಗಾಯಿತು. ಹಿಮ್ಮಡಿಯ ಕೆಳಗೆ ಎತ್ತರ ಕೊಟ್ಟ ಚಪ್ಪಲಿ ಮಾಡಿಸಬಹುದು ಎಂದ ಮೇಲೆ ಸಮಾಧಾನವಾದರು. ಈಕ್ವೈನಸ್ 20ರಿಂದ 10ಕ್ಕೆ ಇಳಿಸಬೇಕೇ, ಹಾಗೇ ಬಿಡಬೇಕೇ ಎಂಬುದು ನನಗಿನ್ನೂ ಗೊಂದಲ. ಅವರ ಮನೆಯಲ್ಲಿ ಕುಕ್ಕರಿಸಿ ಕೂರುವ ಶೌಚಾಲಯವಿದೆ. ಹೆಂಡತಿಯನ್ನು ಕೇಳಿ ಹದಿನೈದು ದಿನದಲ್ಲಿ ಬರುತ್ತೇನೆ ಎಂದು ಹೋಗಿದ್ದಾರೆ.

ಹಳೆಯ ಮೂಳೆವೈದ್ಯ

ಈಕ್ವೈನಸ್ ಈಗ ಹಾಗೇ ಇರಲಿ. ಮಂಡಿ ನೆಟ್ಟಗಾಗಿ, ಅವರು ಮೂರು ತಿಂಗಳು ನಡೆದ ಮೇಲೆ ಮತ್ತೆ ಅಳೆಯಿರಿ. ಕತ್ತರಿಸಿ ಉದ್ದ ಮಾಡಿದ ಟೆಂಡನ್ನನ್ನು ಮತ್ತೆ ಬಿಗಿ ಮಾಡುವುದು ಬಹಳ ಕಷ್ಟ. ಅವರು ಬಂದಾಗ ಹೆಂಡತಿಯನ್ನೂ ಒಳಗೆ ಕರೆಯಿರಿ.