ಸಹಾಯ ಬೇಕು: ಸರಣಿಯಲ್ಲಿ ಒಂದೇ ಬಲ್ಬ್ ಮಂಕು, ಮಕ್ಕಳಿಗೆ ಹೇಗೆ ತೋರಿಸಲಿ?

ನಮಸ್ಕಾರ. ಕಾರವಾರದ ಹತ್ತಿರ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡ್ತೇನೆ. ಬಲ್ಬಿನಲ್ಲಿ ಕರೆಂಟ್ ಖರ್ಚಾಗುತ್ತಾ ಅನ್ನೋದಕ್ಕೆ ಉತ್ತರ ಮಕ್ಕಳೇ ಕಂಡುಕೊಳ್ಳಲಿ ಅಂತ 2 ಸೆಲ್, 2 ಟಾರ್ಚ್ ಬಲ್ಬ್ ಸರಣಿಯಲ್ಲಿ ಜೋಡಿಸಲು ಕೊಟ್ಟೆ. ಒಂದು ಚೆನ್ನಾಗಿ ಉರಿಯಿತು, ಇನ್ನೊಂದು ಆರುತ್ತಿರುವ ಕೆಂಡದ ಹಾಗೆ. "ಮೊದಲನೇ ಬಲ್ಬೇ ಕರೆಂಟ್ ತಿಂದುಬಿಡ್ತು ಟೀಚರ್" ಅಂದರು.

ಉಪ್ಪುಗಾಳಿಗೆ ಹೋಲ್ಡರ್ ತುಕ್ಕು ಹಿಡಿದಿದೆಯೇನೋ ಅಂತ ಉಜ್ಜಿ ನೋಡಿದೆ, ಹಾಗೇ ಇತ್ತು. ಬಲ್ಬ್‌ಗಳ ಜಾಗ ಅದಲುಬದಲು ಮಾಡಿಸಿದೆ. ಮಂಕು ಬಲ್ಬ್ ಎಲ್ಲಿಟ್ಟರೂ ಮಂಕೇ. ಅಂದರೆ ವ್ಯತ್ಯಾಸ ತಂತುವಿನದ್ದು, ಜಾಗದ್ದಲ್ಲ. ಆದರೆ ಮಕ್ಕಳು "ಅದು ಹಾಳು ಬಲ್ಬ್" ಅಂತ ಅಲ್ಲಿಗೇ ಬಿಟ್ಟರು. ಕರೆಂಟ್ ಖರ್ಚಾಗುತ್ತೆ ಅನ್ನೋ ನಂಬಿಕೆ ಹೋಗಲೇ ಇಲ್ಲ.

ಆಮ್ಮೀಟರ್ ಇಲ್ಲ, ದಿಕ್ಸೂಚಿ ಇದೆ. ಅದಕ್ಕೆ ತಂತಿ ಸುತ್ತಿ, ಬಲ್ಬಿನ ಆಚೆ ಒಮ್ಮೆ, ಈಚೆ ಒಮ್ಮೆ ಜೋಡಿಸಿದರೆ ಮುಳ್ಳು ಎರಡೂ ಸಲ ಅಷ್ಟೇ ತಿರುಗುವುದು ಮಕ್ಕಳಿಗೆ ಕಾಣುತ್ತಾ? ಎಷ್ಟು ಸುತ್ತು ಬೇಕು? ಮಾಡಿ ನೋಡಿದವರು ಹೇಳಿ.