ಮಣಿಕಟ್ಟು ಉಳುಕಿದ ಮಗನಿಗೆ ಆಟದಿಂದ ವಿನಾಯಿತಿ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮಂಡ್ಯದ ಓದುಗರೊಬ್ಬರು ಹೀಗೆ ಬರೆದಿದ್ದರು:

‘ಆರನೆಯ ತರಗತಿಯಲ್ಲಿ ಓದುವ ನನ್ನ ಮಗ ಜುಲೈ 8ರಂದು ಖೋ ಖೋ ಆಡುವಾಗ ಅಂಗೈ ಊರಿ ಬಿದ್ದು ಬಲ ಮಣಿಕಟ್ಟು ಉಳುಕಿಸಿಕೊಂಡ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರುವುದು ಕಾಣಲಿಲ್ಲ. ವೈದ್ಯರು ಕೈಗೆ ಬೆಲ್ಟ್ ಹಾಕಿಸಿ ಮೂರು ವಾರ ಆಟ ಬೇಡ ಎಂದರು. ಶಾಲೆಯ ಡೈರಿಯಲ್ಲಿ “ಕೈ ನೋವಿರುವುದರಿಂದ ಆಟದಿಂದ ವಿನಾಯಿತಿ ಕೊಡಿ” ಎಂದು ಬರೆದು ಕಳಿಸಿದೆ. ತರಗತಿಯ ಶಿಕ್ಷಕಿ ಸಹಿಯನ್ನೂ ಹಾಕಿದರು. ಆದರೆ ಶನಿವಾರ ಬೆಳಿಗ್ಗೆ ಸಾಮೂಹಿಕ ಕವಾಯತಿನಲ್ಲಿ ಅವನ ಎರಡೂ ಕೈಗೆ ಡಂಬೆಲ್ಸ್ ಕೊಟ್ಟಿದ್ದಾರೆ. ಸಂಜೆ ಕೈ ಮತ್ತೆ ಊದಿತು. ಪ್ರಾಂಶುಪಾಲರಿಗೆ ಪತ್ರ ಬರೆಯಬೇಕೆಂದಿದ್ದೇನೆ. ದೂರು ಕೊಟ್ಟಂತೆ ಆಗಬಾರದು, ಮಗನ ಕೈಯೂ ಉಳಿಯಬೇಕು. ಹೇಗೆ ಬರೆಯಲಿ?’

ಬಂದ ಉತ್ತರಗಳಲ್ಲಿ ನಾಲ್ಕು ಇಲ್ಲಿವೆ.

ನಿವೃತ್ತ ದೈಹಿಕ ಶಿಕ್ಷಕರು, ಮಂಡ್ಯ

ಸಹೋದರಿ, ನಿಮ್ಮ ಪತ್ರ ಓದಿ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಒಬ್ಬ ಹುಡುಗಿ ‘ಆಟ ಬೇಡ’ ಎಂಬ ಚೀಟಿ ತಂದಿದ್ದಳು. ಅಂದು ಆಟವಿರಲಿಲ್ಲ, ಯೋಗವಿತ್ತು. ಆಟವಲ್ಲವಲ್ಲ ಎಂದು ಅವಳನ್ನೂ ಸಾಲಿನಲ್ಲಿ ನಿಲ್ಲಿಸಿದೆ. ಸೂರ್ಯನಮಸ್ಕಾರದಲ್ಲಿ ಅಂಗೈ ನೆಲಕ್ಕೆ ಊರಿ ಮೈಭಾರವನ್ನೆಲ್ಲ ಕೈಯ ಮೇಲೆ ಬಿಡುವ ಹೊತ್ತಿಗೆ ಮಗು ತುಟಿ ಕಚ್ಚಿಕೊಂಡಿತು. ಆಗ ಅವಳ ಹತ್ತಿರ ಹೋಗಿ ನೋಡಿದೆ. ಮಣಿಕಟ್ಟು ಬಿಸಿಯಾಗಿತ್ತು. ಆ ಚೀಟಿಯಲ್ಲಿ ‘ಕೈಯ ಮೇಲೆ ಭಾರ ಬೀಳಬಾರದು’ ಎಂಬ ನಾಲ್ಕು ಮಾತಿದ್ದಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ.

ನಿಮ್ಮ ವಿಷಯದಲ್ಲಿ ಆಗಿರುವುದೂ ಇದೇ. ನೀವು ‘ಆಟ’ ಎಂದಾಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಕೈಗೆ ಪೆಟ್ಟಾಗಬಹುದಾದ ಎಲ್ಲ ಚಟುವಟಿಕೆ. ಮೈದಾನದಲ್ಲಿ ನಿಂತವರಿಗೆ ಆಟವೆಂದರೆ ಖೋ ಖೋ, ಕಬಡ್ಡಿ, ಥ್ರೋಬಾಲ್. ಕವಾಯತು ಬೇರೆ, ಯೋಗ ಬೇರೆ, ಮೈದಾನದಿಂದ ಸಾಮಾನು ಹೊತ್ತು ತರುವುದು ಬೇರೆ. ಇನ್ನೊಂದು ಮಾತು: ಡೈರಿ ತರಗತಿಯ ಶಿಕ್ಷಕಿಯ ಮೇಜಿನವರೆಗೆ ಹೋಗುತ್ತದೆ, ಮೈದಾನಕ್ಕೆ ಬರುವುದಿಲ್ಲ. ಶನಿವಾರ ಇಡೀ ಶಾಲೆ ಸಾಲುಗಟ್ಟಿ ನಿಂತಿರುವಾಗ ಯಾವ ಮಗುವಿನ ಡೈರಿಯಲ್ಲಿ ಏನಿದೆ ಎಂಬುದು ದೈಹಿಕ ಶಿಕ್ಷಕರಿಗೆ ಹೇಗೆ ತಿಳಿಯಬೇಕು? ಉದ್ದನೆಯ ತೋಳಿನ ಅಂಗಿ ಹಾಕಿದ್ದರೆ ಬೆಲ್ಟ್ ಕೂಡ ಕಾಣುವುದಿಲ್ಲ. ಆದ್ದರಿಂದ ಪತ್ರ ಪ್ರಾಂಶುಪಾಲರ ಹೆಸರಿಗೇ ಇರಲಿ, ದೈಹಿಕ ಶಿಕ್ಷಕರಿಗೂ ತಿಳಿಸಬೇಕು ಎಂಬ ಕೋರಿಕೆ ಅದರೊಳಗೆ ಇರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಮಾನ್ಯರೇ,

ವಿಷಯ: ಬಲ ಮಣಿಕಟ್ಟು ಉಳುಕಿರುವ ಕಾರಣ ಜುಲೈ 29ರವರೆಗೆ ಆಟ, ಕವಾಯತು ಮತ್ತು ಯೋಗದಿಂದ ವಿನಾಯಿತಿ ಕೋರಿ.

ತಮ್ಮ ಶಾಲೆಯ ಆರನೆಯ ತರಗತಿ ‘ಬಿ’ ವಿಭಾಗದಲ್ಲಿ ಓದುತ್ತಿರುವ ನನ್ನ ಮಗ (ಹೆಸರು, ಹಾಜರಿ ಸಂಖ್ಯೆ) ಜುಲೈ 8ರಂದು ಆಡುವಾಗ ಬಿದ್ದು ಬಲ ಮಣಿಕಟ್ಟು ಉಳುಕಿಸಿಕೊಂಡಿದ್ದಾನೆ. ವೈದ್ಯರು ಮೂರು ವಾರ ಆ ಕೈಗೆ ವಿಶ್ರಾಂತಿ ಕೊಡಬೇಕೆಂದು ತಿಳಿಸಿದ್ದಾರೆ. ಅವರ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ.

ಅಲ್ಲಿಯವರೆಗೆ ಅವನು ಬಲಗೈಯಿಂದ ಭಾರ ಎತ್ತುವುದು, ಚೆಂಡು ಹಿಡಿಯುವುದು ಅಥವಾ ಎಸೆಯುವುದು, ಅಂಗೈಯನ್ನು ನೆಲಕ್ಕೆ ಊರುವುದು ಹಾಗೂ ಬೀಳುವ ಸಂಭವವಿರುವ ಓಟದ ಆಟಗಳನ್ನು ಆಡುವುದು ಬೇಡವೆಂದು ಕೋರುತ್ತೇನೆ. ಸಾಲಿನಲ್ಲಿ ನಿಲ್ಲಲು, ನಡೆಯಲು, ಅಂಕ ಬರೆಯಲು ಅಥವಾ ಸಮಯ ನೋಡಲು ಅಡ್ಡಿಯಿಲ್ಲ. ಈ ವಿಷಯವನ್ನು ದೈಹಿಕ ಶಿಕ್ಷಕರಿಗೂ ತರಗತಿ ಶಿಕ್ಷಕರಿಗೂ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ಫೋನ್ ಸಂಖ್ಯೆ)’

ಇಷ್ಟು ಸಾಕು. ಯಾವ ಕೈ ಎಂಬುದನ್ನು ಬಿಡಬೇಡಿ. ಎಷ್ಟೋ ಚೀಟಿಗಳಲ್ಲಿ ಅದೇ ಇರುವುದಿಲ್ಲ. ಕೊನೆಯ ದಿನಾಂಕವನ್ನೂ ಬಿಡಬೇಡಿ. ‘ಗುಣವಾಗುವವರೆಗೆ’ ಎಂದು ಬರೆದರೆ ಒಂದು ವಾರಕ್ಕೆ ಮಗು ತಾನೇ ‘ಗುಣವಾಯಿತು ಸಾರ್’ ಎಂದು ಓಡಿ ಬರುತ್ತದೆ. ಆಡುವ ಆಸೆಯಲ್ಲಿ ಅದು ಹೇಳುವ ಮಾತನ್ನು ನಾವು ನಂಬುತ್ತೇವೆ. ಹಾಗೆಯೇ, ಏನು ಮಾಡಬಹುದು ಎಂಬ ಒಂದು ವಾಕ್ಯ ಶಿಕ್ಷಕರಿಗೆ ದೊಡ್ಡ ಉಪಕಾರ. ಅದಿಲ್ಲದಿದ್ದರೆ ಮಗುವನ್ನು ಎಲ್ಲಿ ಕೂರಿಸುವುದೆಂದು ತಿಳಿಯುವುದಿಲ್ಲ.

ಶನಿವಾರ ನಡೆದದ್ದನ್ನು ಈ ಪತ್ರದಲ್ಲಿ ಬರೆಯಬೇಡಿ. ಪತ್ರ ಕೊಡಲು ಹೋದಾಗ ದೈಹಿಕ ಶಿಕ್ಷಕರನ್ನು ಕಂಡು, ‘ಸಾರ್, ಅಂದು ಕವಾಯತು ಮಾಡಿದ ಮೇಲೆ ಊತ ಬಂದಿತ್ತು’ ಎಂದು ಬಾಯಲ್ಲಿ ಹೇಳಿ. ಆ ಮಾತು ಅವರಿಗೆ ಮರೆಯುವುದಿಲ್ಲ, ಕಡತಕ್ಕೂ ಸೇರುವುದಿಲ್ಲ.

ಶಾಲಾ ಕಚೇರಿಯ ಗುಮಾಸ್ತರು, ಮದ್ದೂರು

ಪತ್ರವನ್ನು ಮಗನ ಚೀಲದಲ್ಲಿ ಇಟ್ಟು ಕಳಿಸಬೇಡಿ. ನೀವೇ ಬಂದು ಕಚೇರಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಾರೀಖು ಸಹಿತ ಮೊಹರು ಹಾಕಿಸಿಕೊಳ್ಳಿ. ವೈದ್ಯರ ಚೀಟಿಯ ಜೆರಾಕ್ಸ್ ಮಾತ್ರ ಕೊಡಿ, ಮೂಲ ನಿಮ್ಮಲ್ಲೇ ಇರಲಿ. ಮರುಪರೀಕ್ಷೆಗೆ ಹೋದಾಗ ಅದನ್ನೇ ಕೇಳುತ್ತಾರೆ.

ಫಿಸಿಯೋಥೆರಪಿಸ್ಟ್, ಕುವೆಂಪುನಗರ, ಮೈಸೂರು

ಪತ್ರದ ಒಕ್ಕಣೆಯನ್ನು ಹಿರಿಯರು ಹೇಳಿಕೊಡುತ್ತಾರೆಂದು ನಂಬಿದ್ದೇನೆ. ನನಗೆ ಚಿಂತೆಯಾದದ್ದು ನಿಮ್ಮ ಬರಹದ ಇನ್ನೊಂದು ಸಾಲು: ‘ಸಂಜೆ ಕೈ ಮತ್ತೆ ಊದಿತು.’ ಪತ್ರ ಕೊಡುವ ಮೊದಲು ಮಗನನ್ನು ಮತ್ತೊಮ್ಮೆ ಅದೇ ವೈದ್ಯರಿಗೆ ತೋರಿಸಿ.

ಕಾರಣ ಹೇಳುತ್ತೇನೆ. ದೊಡ್ಡವರು ಅಂಗೈ ಊರಿ ಬಿದ್ದರೆ ಮೂಳೆಗಳನ್ನು ಬಿಗಿದಿರುವ ಅಸ್ಥಿರಜ್ಜು ಎಳೆದುಕೊಳ್ಳಬಹುದು, ಅದೇ ಉಳುಕು. ಹತ್ತು ಹನ್ನೊಂದರ ಮಕ್ಕಳಲ್ಲಿ ಮೂಳೆಯ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಮೂಳೆ ಉದ್ದ ಬೆಳೆಯುವುದು ಅಲ್ಲಿಂದ. ಅದು ರಜ್ಜುವಿಗಿಂತ ದುರ್ಬಲ. ಹಾಗಾಗಿ ಮಗು ಬಿದ್ದಾಗ ಉಳುಕಿನಂತೆ ಕಾಣುವುದು ಕೆಲವೊಮ್ಮೆ ಆ ಪದರಕ್ಕೆ ಆದ ಪೆಟ್ಟಾಗಿರುತ್ತದೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಾದ್ದರಿಂದ, ಮೂಳೆ ಜರುಗಿಲ್ಲದಿದ್ದರೆ ಚಿತ್ರ ಸರಿಯಾಗಿಯೇ ಇರುತ್ತದೆ. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಒಂದು ಸಣ್ಣ ಗುಳಿ ಮೂಡುತ್ತದೆ. ಅಲ್ಲಿ ಒತ್ತಿದರೆ ನೋವಾಗುವುದಾದರೆ ಅದರಡಿಯ ಸಣ್ಣ ಮೂಳೆಯ ಬಗ್ಗೆಯೂ ಅನುಮಾನ ಪಡಬೇಕು. ಅದರ ಬಿರುಕು ಮೊದಲ ದಿನದ ಚಿತ್ರದಲ್ಲಿ ತಪ್ಪಿಹೋಗಬಹುದು. ಅದಕ್ಕೆಂದೇ ಹತ್ತರಿಂದ ಹದಿನಾಲ್ಕು ದಿನ ಕಳೆದ ಮೇಲೆ ಮತ್ತೊಂದು ಎಕ್ಸ್‌ರೇ ತೆಗೆಸುವುದುಂಟು. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಹೆಚ್ಚಿನ ಮಕ್ಕಳ ಕೈ ಕೆಲವು ವಾರಗಳಲ್ಲಿ ಚೆನ್ನಾಗಿ ವಾಸಿಯಾಗುತ್ತದೆ.

ಆದ್ದರಿಂದ ಪತ್ರದಲ್ಲಿ ‘ಜುಲೈ 29ರವರೆಗೆ’ ಎಂದಷ್ಟೇ ಬರೆದು ನಿಲ್ಲಿಸದೆ, ‘ನಂತರ ವೈದ್ಯರ ಮರುಪರೀಕ್ಷೆಯ ಚೀಟಿ ತಂದ ಮೇಲೆ ಆಟಕ್ಕೆ ಸೇರಿಸಿಕೊಳ್ಳಿ’ ಎಂದು ಒಂದು ವಾಕ್ಯ ಸೇರಿಸಿ. ಜುಲೈ 30ರಂದು ಬೆಳಿಗ್ಗೆಯೇ ಅವನು ಕಬಡ್ಡಿ ಅಂಕಣದಲ್ಲಿ ಇರುವುದು ಬೇಡ. ಬೆಲ್ಟ್ ಬಿಚ್ಚಲು ವೈದ್ಯರು ಒಪ್ಪಿದ ಮೇಲೆ ನೀವು ಮನೆಯಲ್ಲೇ ಪರೀಕ್ಷಿಸಬಹುದು. ಎರಡೂ ಕೈಗಳನ್ನು ನಮಸ್ಕಾರದಂತೆ ಜೋಡಿಸಿ ಮೊಣಕೈ ಎತ್ತಿಸಿ. ಎರಡೂ ಮಣಿಕಟ್ಟು ಒಂದೇ ಸಮ ಬಾಗಬೇಕು. ಒದ್ದೆ ಟವೆಲ್ ಹಿಂಡಿಸಿ. ಆಮೇಲೆ ಗೋಡೆಗೆ ಅಂಗೈ ಊರಿ ಒರಗಲಿ. ಅದರಲ್ಲಿ ನೋವಿಲ್ಲದಿದ್ದರೆ ಒಂದೆರಡು ದಿನ ಬಿಟ್ಟು ಮೇಜಿಗೆ, ಕೊನೆಗೆ ನೆಲಕ್ಕೆ. ಯಾವ ಹಂತದಲ್ಲಿ ನೋವು ಬಂದರೂ ಅಲ್ಲಿಗೇ ನಿಲ್ಲಿಸಿ, ಹಿಂದಿನ ಹಂತಕ್ಕೆ ಬನ್ನಿ. ನೆಲಕ್ಕೆ ಅಂಗೈ ಊರಿ ಮೈಭಾರ ತಡೆಯಲಾಗದ ಕೈಯನ್ನು ಖೋ ಖೋ ಆಡಲು ಬಿಡಬಾರದು. ಆ ಆಟದಲ್ಲಿ ಬಿದ್ದಾಗ ಮೊದಲು ನೆಲ ಮುಟ್ಟುವುದು ಅದೇ ಅಂಗೈ.

ಬೆಲ್ಟಿನ ಬಗ್ಗೆ ಒಂದು ಮಾತನ್ನು ಮಗನಿಗೂ ತರಗತಿ ಶಿಕ್ಷಕಿಗೂ ಹೇಳಿಡಿ. ಬೆರಳುಗಳು ಜೋಮು ಹಿಡಿದರೆ, ತಣ್ಣಗಾದರೆ ಅಥವಾ ನೀಲಿಯಾದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ; ಸಡಿಲಿಸಿ ನಿಮಗೆ ಫೋನ್ ಮಾಡಬೇಕು. ಸಡಿಲಿಸಿದ ಮೇಲೂ ಬೆರಳು ಮೊದಲಿನಂತಾಗದಿದ್ದರೆ ಕೂಡಲೇ ಆಸ್ಪತ್ರೆಗೆ. ಮನೆಯಲ್ಲಿ ಹಿರಿಯರು ಎಣ್ಣೆ ಹಚ್ಚಿ ಉಳುಕು ತಿಕ್ಕಿಸೋಣ ಎಂದರೆ ದಯವಿಟ್ಟು ಒಪ್ಪಬೇಡಿ. ಒಳಗೆ ಬಿರುಕಿದ್ದರೆ, ಜಗ್ಗಿ ತಿಕ್ಕಿದಾಗ ಕೂಡಿಕೊಳ್ಳುತ್ತಿದ್ದ ಮೂಳೆ ಜರುಗಬಹುದು.

ಒಬ್ಬ ತಾಯಿ, ಶ್ರೀರಂಗಪಟ್ಟಣ

ಅಕ್ಕಾ, ಹೋದ ವರ್ಷ ನನ್ನ ಮಗಳ ಎಡ ಮಣಿಕಟ್ಟಿಗೂ ಹೀಗೇ ಆಗಿತ್ತು. ನಾನು ಪತ್ರವನ್ನು ಸರಿಯಾಗಿಯೇ ಕೊಟ್ಟಿದ್ದೆ, ಶಾಲೆಯವರು ಪಾಲಿಸಿಯೂ ಇದ್ದರು. ಆದರೆ ಆಟದ ಅವಧಿ ಬಂದಾಗಲೆಲ್ಲ ಎಲ್ಲರೂ ಕೆಳಗಿಳಿದು ಹೋಗುತ್ತಿದ್ದರು, ಅವಳೊಬ್ಬಳನ್ನು ಖಾಲಿ ತರಗತಿಯಲ್ಲಿ ಕೂರಿಸುತ್ತಿದ್ದರು. ಎರಡನೆಯ ವಾರ ಅವಳ ಚೀಲ ತೆಗೆದು ನೋಡಿದರೆ ಬೆಲ್ಟು ಸುತ್ತಿಟ್ಟ ಹಾಗೇ ಕಂಪಾಸ್ ಪೆಟ್ಟಿಗೆಯ ಕೆಳಗಿತ್ತು. ಕೇಳಿದೆ. ‘ಅದು ಕಾಣದಿದ್ದರೆ ನನ್ನನ್ನೂ ಮೈದಾನಕ್ಕೆ ಕರೆದುಕೊಂಡು ಹೋಗುತ್ತಾರಮ್ಮ’ ಎಂದು ಅತ್ತಳು. ಮರುದಿನವೇ ಹೋಗಿ, ಅವಳನ್ನೂ ಮೈದಾನಕ್ಕೆ ಕರೆದೊಯ್ಯಿರಿ, ಕೂತು ನೋಡಲಿ ಎಂದು ಬರೆದುಕೊಟ್ಟೆ.

ಅಲ್ಲಿ ಇನ್ನೊಂದು ಎಡವಟ್ಟಾಯಿತು. ಅವಳನ್ನು ಥ್ರೋಬಾಲ್ ಅಂಕಣದ ಗೆರೆಯ ಪಕ್ಕದಲ್ಲೇ ಕೂರಿಸಿದ್ದರು. ಚೆಂಡು ತನ್ನ ಕಡೆಗೆ ಬಂದಾಗ ಮಗು ಯೋಚಿಸುತ್ತದೆಯೇ? ಎರಡೂ ಕೈ ಚಾಚಿ ಹಿಡಿದುಬಿಟ್ಟಳು. ಮತ್ತೆ ಮೂರು ದಿನ ನೋವು.

ನಿಮ್ಮ ಮಗನದು ಬರೆಯುವ ಕೈ ಬೇರೆ. ನೋಟ್ಸ್ ಬರೆದುಕೊಳ್ಳಲು ತಡವಾದರೆ ಬಯ್ಯದಿರಲಿ ಎಂದು ತರಗತಿ ಶಿಕ್ಷಕಿಯನ್ನು ಬೇರೆಯಾಗಿ ಕೇಳಿಕೊಳ್ಳಿ. ಆಟದ ಪತ್ರದಲ್ಲಿ ಅದನ್ನು ಬೆರೆಸಬೇಡಿ. ಆಟದ ಪತ್ರದಲ್ಲಿ ನಾನು ಎರಡನೆಯ ಸಲ ಬರೆದ ಸಾಲು ಇದು: ‘ಅವಳನ್ನು ಸ್ನೇಹಿತರ ಜೊತೆ ಮೈದಾನಕ್ಕೆ ಕರೆದೊಯ್ದು, ಚೆಂಡು ತಲುಪದಷ್ಟು ದೂರದಲ್ಲಿ, ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಬೇಕಾಗಿ ವಿನಂತಿ.’ ನಿಮ್ಮ ಶಾಲೆಯಲ್ಲಿ ಯಾವ ಮರವಿದೆಯೋ ನೋಡಿಕೊಂಡು ಬರೆಯಿರಿ.