ಅಪ್‌ಡೇಟ್: ರಾತ್ರಿಯ ಎದೆ ಬಿಗಿತ ಮತ್ತು ಎರಡು ವಾರಗಳ ಪೀಕ್ ಫ್ಲೋ ದಾಖಲೆ

ನನ್ನ ಮೊದಲ ಪ್ರಶ್ನೆ: “ವಯಸ್ಸು 38. ರಾತ್ರಿ ಮೂರಕ್ಕೆ ಎದೆ ಬಿಗಿದು ಎಚ್ಚರವಾಯಿತು, ಉಸಿರು ಬಿಡುವಾಗ ಸುಯ್ ಎಂಬ ಸದ್ದು. ಹಿಂದೆಂದೂ ಹೀಗಾಗಿರಲಿಲ್ಲ. ಇದು ಅಸ್ತಮಾ ಇರಬಹುದೇ?”

ಮರುದಿನ ವೈದ್ಯರು ಮೊದಲು ಇಸಿಜಿ ಮಾಡಿಸಿದರು, ಏಕೆಂದರೆ ಈ ವಯಸ್ಸಿನಲ್ಲಿ ಎದೆ ಬಿಗಿತವೆಂದರೆ ಹೃದಯವನ್ನು ಪರಿಶೀಲಿಸದೆ ಮುಂದೆ ಹೋಗುವಂತಿಲ್ಲ. ಅದು ಸರಿಯಾಗಿತ್ತು, ಅಷ್ಟು ಹೊತ್ತಿಗೆ ಸದ್ದು ನಿಂತಿದ್ದರಿಂದ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿಯೂ ಸಹಜವಾಗಿ ಬಂತು. ನನಗೆ ಸಮಾಧಾನವಾಯಿತು, ಅವರಿಗೆ ಆಗಲಿಲ್ಲ. ಅಸ್ತಮಾದಲ್ಲಿ ಶ್ವಾಸನಾಳಗಳು ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು ಕಿರಿದಾಗಿ ಹಗಲಿನಲ್ಲಿ ತೆರೆದುಕೊಳ್ಳುವುದರಿಂದ, ಹಗಲಿನ ಒಂದು ಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲಾಗದು ಎಂದು ವಿವರಿಸಿದರು.

ಆದ್ದರಿಂದ ಎರಡು ವಾರ ಬೆಳಿಗ್ಗೆ ಎದ್ದೊಡನೆ ಮತ್ತು ಸಂಜೆ, ನಿಂತುಕೊಂಡು, ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆಂದು ಅಳೆಯುವ ಪೀಕ್ ಫ್ಲೋ ಮೀಟರಿಗೆ ಮೂರು ಬಾರಿ ಜೋರಾಗಿ ಊದಿ, ಅತಿ ಹೆಚ್ಚಿನ ಅಂಕಿಯನ್ನು ಬರೆದಿಟ್ಟೆ. ಒಂದು ದಿನ ಬೆಳಿಗ್ಗೆ ನಿಮಿಷಕ್ಕೆ 320 ಲೀಟರ್, ಸಂಜೆ 430. ವ್ಯತ್ಯಾಸವಾದ 110ನ್ನು ಸರಾಸರಿ 375ರಿಂದ ಭಾಗಿಸಿದರೆ ಸುಮಾರು ಶೇ. 29. ವಯಸ್ಕರಲ್ಲಿ ಈ ದೈನಂದಿನ ಏರಿಳಿತದ ಸರಾಸರಿ ಶೇ. 10 ಮೀರಿದರೆ ಅದು ಅಸ್ತಮಾದ ಕಡೆಗೆ ಬೊಟ್ಟು ಮಾಡುತ್ತದೆ, ನನ್ನ ಎರಡು ವಾರಗಳ ಸರಾಸರಿ ಶೇ. 21 ಇತ್ತು.

ಈಗ ಉರಿಯೂತ ತಗ್ಗಿಸುವ ಬುಡೆಸೊನೈಡ್ ಮತ್ತು ನಾಳ ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಇನ್‌ಹೇಲರ್ ಬಳಸುತ್ತಿದ್ದೇನೆ. ಸಾಲ್ಬುಟಮಾಲ್ ಒಂದೇ ಆದರೆ ನಾಳ ಸಡಿಲವಾಗುತ್ತದೆಯೇ ಹೊರತು ಒಳಗಿನ ಉರಿಯೂತ ಹಾಗೆಯೇ ಉಳಿಯುತ್ತದೆ. ಮಾತು ಪೂರ್ಣಗೊಳಿಸಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಅಥವಾ ಇನ್‌ಹೇಲರ್‌ನಿಂದ ಉಪಶಮನ ಸಿಗದಿದ್ದರೆ ಬೆಳಗಾಗುವವರೆಗೆ ಕಾಯದೆ, ನೆಟ್ಟಗೆ ಕುಳಿತು 108ಕ್ಕೆ ಕರೆ ಮಾಡಬೇಕೆಂದು ಮನೆಯವರಿಗೂ ಹೇಳಿಟ್ಟಿದ್ದೇನೆ.